ಮಧ್ಯಾಹ್ನ ಬೋಳಾಗುವ ಗ್ರಾಫ್

ಕುಮಟಾದ ಭಾವನ ತಾರಸಿಯ ಮೇಲೆ 540 ವಾಟ್‌ನ 12 ಪ್ಯಾನೆಲ್‌ಗಳಿವೆ, ಒಟ್ಟು ಸುಮಾರು 6.5 ಕಿಲೋವಾಟ್. ಇನ್ವರ್ಟರ್ ಮಾತ್ರ 5 ಕಿಲೋವಾಟ್‌ದು. ಕಳೆದ ಅಕ್ಟೋಬರ್‌ನಲ್ಲಿ ಮೊಬೈಲ್‌ನಲ್ಲಿ ದಿನದ ಉತ್ಪಾದನೆಯ ಗ್ರಾಫ್ ತೋರಿಸಿ, "ಮೂರು ಪ್ಯಾನೆಲ್ ಸುಮ್ನೆ ಹಾಕಿಸಿದೆ ಮಾರಾಯ" ಎಂದರು. ಬೆಳಿಗ್ಗೆ ಚೆಂದಾಗಿ ಏರಿದ ಗೆರೆ ಹನ್ನೊಂದರ ಹೊತ್ತಿಗೆ 5ಕ್ಕೆ ತಾಗಿ, ಎರಡು ದಾಟುವವರೆಗೂ ಕತ್ತರಿಸಿದ ಹಾಗೆ ಅಡ್ಡಕ್ಕೆ ಮಲಗಿತ್ತು. ಪ್ಯಾನೆಲ್ ಎಷ್ಟೇ ಕೊಡಬಲ್ಲದಾದರೂ ಇನ್ವರ್ಟರ್ ತನ್ನ 5 ಕಿಲೋವಾಟ್‌ಗಿಂತ ಹೆಚ್ಚು ದಾಟಿಸುವುದಿಲ್ಲ. ಇದೇ ಕ್ಲಿಪ್ಪಿಂಗ್.

ಹಿಂದೆ ಇಂಥ ಗ್ರಾಫ್ ಕಂಡರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. 2008ರ ಸುಮಾರಿಗೆ ಪ್ಯಾನೆಲ್ ಬೆಲೆ ವಾಟ್‌ಗೆ ನಾಲ್ಕು ಡಾಲರ್ ಆಸುಪಾಸಿನಲ್ಲಿತ್ತು. ಅಷ್ಟು ದುಬಾರಿ ಪ್ಯಾನೆಲ್‌ನ ಒಂದು ವಾಟ್ ಕೂಡ ಹಾಳಾಗಬಾರದೆಂದು ಇನ್ವರ್ಟರನ್ನು ಪ್ಯಾನೆಲ್‌ನಷ್ಟೇ ದೊಡ್ಡದು ಹಾಕುತ್ತಿದ್ದರು. ನಾಲ್ಕೈದು ವರ್ಷದಲ್ಲಿ ಬೆಲೆ ಒಂದು ಡಾಲರ್‌ಗಿಂತ ಕೆಳಗೆ ಬಿತ್ತು, ಲೆಕ್ಕವೂ ತಿರುಗಿತು. ಪ್ಯಾನೆಲ್ ಜಾಸ್ತಿ ಹಾಕಿ, ಮಧ್ಯಾಹ್ನ ಸ್ವಲ್ಪ ಚೆಲ್ಲಿದರೆ ಚೆಲ್ಲಲಿ ಎನ್ನುವುದು ಮೊದಲು ದೊಡ್ಡ ಸೋಲಾರ್ ಪಾರ್ಕ್‌ಗಳ ರೂಢಿಯಾಯಿತು. ಇನ್ವರ್ಟರ್ ಕಡೆಯ ಸಾಮರ್ಥ್ಯ ಒಪ್ಪಂದದಂತೆ ಇದ್ದರೆ ಪ್ಯಾನೆಲ್ ಹೆಚ್ಚಿದ್ದರೂ ತಕರಾರು ಬೇಡ ಎಂದು ಕೇಂದ್ರದ ಇಲಾಖೆ 2019ರಲ್ಲಿ ರಾಜ್ಯಗಳಿಗೆ ಹೇಳಿತು. ಆಮೇಲೆ ಮನೆಗಳಿಗೂ ಇನ್ವರ್ಟರ್‌ನ 1.2, 1.3 ಪಟ್ಟು ಪ್ಯಾನೆಲ್ ಹಾಕುವ ರೂಢಿ ಬಂತು.

ಪ್ಯಾನೆಲ್ ಮೇಲೆ ಬರೆದ 540 ವಾಟ್ 25 ಡಿಗ್ರಿಯಲ್ಲಿ ಅಳೆದದ್ದು. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು 65 ಡಿಗ್ರಿಗೆ ಕಾಯುತ್ತದೆ. ಡಿಗ್ರಿಗೆ ಶೇ. 0.35ರಂತೆ ಶೇ. 14 ಅಲ್ಲೇ ಹೋಯಿತು. ಧೂಳು, ವೈರಿಂಗ್, ಇನ್ವರ್ಟರ್ ನಷ್ಟ ಕಳೆದರೆ ಭಾವನ 6.5ರಲ್ಲಿ ಉಳಿಯುವುದು ಹತ್ತಿರ ಹತ್ತಿರ 5. ಸುಡುಬಿಸಿಲಲ್ಲಿ ಕ್ಲಿಪ್ಪಿಂಗ್ ಹೆಚ್ಚು ಕಾಣದಿರುವುದು ಇದಕ್ಕೇ. ಮಳೆ ತೊಳೆದ ಪ್ಯಾನೆಲ್, ತಂಪು ಗಾಳಿ, ಶುಭ್ರ ಆಕಾಶ ಮೂರೂ ಕೂಡಿದ ಅಕ್ಟೋಬರ್‌ನಲ್ಲಿ ಮಾತ್ರ ಅದು 5.6ರವರೆಗೆ ಕೊಡಬಲ್ಲದು.

ಆಗ ಚೆಲ್ಲುವುದೆಷ್ಟು? ನನ್ನ ಅಂದಾಜಿನಲ್ಲಿ ದಿನಕ್ಕೆ ಒಂದೂವರೆ ಯೂನಿಟ್. ಆದರೆ ಒಂಬತ್ತೇ ಪ್ಯಾನೆಲ್ ಇದ್ದಿದ್ದರೆ ಅದೇ ದಿನ ಏಳೆಂಟು ಯೂನಿಟ್ ಕಡಿಮೆ ಹುಟ್ಟುತ್ತಿತ್ತು, ಬೆಳಿಗ್ಗೆ ಮತ್ತು ಸಂಜೆ ಸೇರಿ. ಇನ್ನು ಜೂನ್, ಜುಲೈನ ಕಪ್ಪು ಮೋಡದಲ್ಲಿ 5 ತಲುಪುವ ಮಾತೇ ಇಲ್ಲ. ಆ ಮೂರು ಪ್ಯಾನೆಲ್‌ನ ಪೂರ್ತಿ ಫಸಲು ಮನೆಗೇ. ನಮ್ಮ ಕರಾವಳಿಗೆ ಇದೇ ದೊಡ್ಡ ಲಾಭ ಅಲ್ವಾ?

ಒಂದು ಮಾತು: ಸಬ್ಸಿಡಿಗೆ ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಕಡಿಮೆ ಇರುವುದನ್ನೇ ಲೆಕ್ಕ ಹಿಡಿಯುತ್ತಾರೆ.

ಕ್ಲಿಪ್ಪಿಂಗ್ ಆದಾಗ ಇನ್ವರ್ಟರ್ ಪ್ಯಾನೆಲ್‌ನಿಂದ ಎಳೆಯುವ ಕರೆಂಟನ್ನೇ ತಗ್ಗಿಸುತ್ತದೆ, ಕೆಡುವುದಿಲ್ಲ. ಕೆಡಿಸುವುದು ವೋಲ್ಟೇಜ್. ಒಂದೇ ಸಾಲಿಗೆ ಜಾಸ್ತಿ ಪ್ಯಾನೆಲ್ ಜೋಡಿಸಿ ಇನ್ವರ್ಟರ್‌ನ ಮಿತಿ ದಾಟಿಸಬಾರದು.

ಹಾಗಂತ ಎಲ್ಲ ಬೋಳು ಗ್ರಾಫೂ ಕ್ಲಿಪ್ಪಿಂಗ್ ಅಲ್ಲ. ಗೆರೆ ಸರಿಯಾಗಿ 5ಕ್ಕೇ ನಿಂತಿದ್ದರೆ ಹೌದು. 4.2ರಲ್ಲೋ 4.5ರಲ್ಲೋ ನಿಂತು ಮೆಟ್ಟಿಲಿನಂತೆ ಇಳಿದರೆ ಇನ್ವರ್ಟರ್ ಕಾದಿದೆ, ನೆರಳಿಗೆ ಸರಿಸಬೇಕು. ಪದೇ ಪದೇ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಆಪ್‌ನಲ್ಲಿ ಗ್ರಿಡ್ ವೋಲ್ಟೇಜ್ ನೋಡಿ. ಭಾವನದು ಐದಕ್ಕೇ ನಿಂತಿತ್ತು.