ವಿವಿಎಂ ಚೆನ್ನಾಗಿದೆ, ಹಾಗಾದ್ರೆ ಲಸಿಕೆಯೂ ಚೆನ್ನಾಗಿದೆ ಅಲ್ವಾ ಮೇಡಂ?

ಪ್ರಶ್ನೆ: "ರಾತ್ರಿ ಫ್ರಿಜ್ ಸೊನ್ನೆಗಿಂತ ಕೆಳಗೆ ಹೋಗಿತ್ತು ಅಂತ ಮೀಟರ್ ತೋರಿಸ್ತಿದೆ. ಆದ್ರೆ ಬೆಳಗ್ಗೆ ನೋಡಿದಾಗ ಪೆಂಟಾವೇಲೆಂಟ್ ಲಸಿಕೆಯ ವೈಲ್‌ಗಳು ನೀರಾಗೇ ಇವೆ, ವೈಲ್ ಮೇಲಿನ ವಿವಿಎಂ ಗುರುತಿನ ಚೌಕ ಬೆಳ್ಳಗೇ ಇದೆ. ಬಳಸಬಹುದಲ್ವಾ ಮೇಡಂ? ತಣ್ಣಗಿದ್ರೆ ಒಳ್ಳೇದೇ ಅಲ್ವಾ?"

ಸದ್ಯಕ್ಕೆ ಬಳಸಬೇಡಿ. ಬಿಸಾಡಲೂ ಬೇಡಿ. ಯಾಕೆ ಅನ್ನೋದನ್ನು ಈ ಸಲ ಉದ್ದಕ್ಕೇ ಬರೆಯುತ್ತೇನೆ, ಏಕೆಂದರೆ ಪ್ರತಿ ಬ್ಯಾಚಿನಲ್ಲೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಕೊನೆಯಲ್ಲಿ ಆ "ತಣ್ಣಗಿದ್ರೆ ಒಳ್ಳೇದೇ ಅಲ್ವಾ" ಅಂಟಿಕೊಂಡೇ ಇರುತ್ತದೆ.

ಒಳ್ಳೇದಲ್ಲ. +2ರಿಂದ +8 ಡಿಗ್ರಿ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ. ಆದರೆ ಮನಸ್ಸಿನಲ್ಲಿ ಉಳಿಯೋದು 8 ಮಾತ್ರ. 2 ಅನ್ನೋದು ಏನೋ ಅಲಂಕಾರಕ್ಕೆ ಇಟ್ಟಿದ್ದಾರೆ ಅನ್ನುವ ಹಾಗೆ ನಡೆದುಕೊಳ್ಳುತ್ತೀರಿ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿಯಂಥ ಲಸಿಕೆಗಳಿಗೆ ಆ 2 ಹೆಚ್ಚು ಮುಖ್ಯ. ಇವು +9 ಡಿಗ್ರಿಯಲ್ಲಿ ಒಂದೆರಡು ಗಂಟೆ ಇದ್ದರೆ ಸ್ವಲ್ಪ ಆಯಸ್ಸು ಕಳೆದುಕೊಳ್ಳುತ್ತವೆ, ಅಷ್ಟೇ. ಒಂದು ಸಲ ಹೆಪ್ಪುಗಟ್ಟಿದರೆ ಮುಗೀತು, ವಾಪಸ್ ದಾರಿ ಇಲ್ಲ.

ಕಾರಣ ವೈಲ್ ಒಳಗೇ ಇದೆ. ಪೆಂಟಾವೇಲೆಂಟ್ ವೈಲನ್ನು ಅಲ್ಲಾಡಿಸಿ ನೋಡಿ, ಮಸುಕು ಬಿಳಿ ಬಣ್ಣ. ಆ ಮಸುಕು ಅಲ್ಯೂಮಿನಿಯಂ ಲವಣದ ತೀರಾ ಸಣ್ಣ ಕಣಗಳದ್ದು, ಮತ್ತು ರಕ್ಷಣೆ ಹುಟ್ಟಿಸುವ ಅಂಶವಾದ ಆ್ಯಂಟಿಜೆನ್ ಆ ಕಣಗಳಿಗೇ ಅಂಟಿಕೊಂಡಿರುತ್ತದೆ. ನೀರು ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಬೆಳೆಯುತ್ತಾ ಈ ಕಣಗಳನ್ನು ಮೂಲೆಗೆ ತಳ್ಳಿ ಒಂದಕ್ಕೊಂದು ಒತ್ತಿಬಿಡುತ್ತವೆ. ಕಣಗಳು ಸೇರಿ ಗಂಟಾಗುತ್ತವೆ. ಆಮೇಲೆ ಮಂಜು ಕರಗಿದರೂ ಗಂಟು ಬಿಚ್ಚುವುದಿಲ್ಲ. ಒಡೆದ ಹಾಲನ್ನು ಎಷ್ಟು ಕಲಕಿದರೂ ಮತ್ತೆ ಹಾಲಾಗುವುದಿಲ್ಲವಲ್ಲ, ಹಾಗೆ. ಅಂಥ ಲಸಿಕೆ ಕೊಟ್ಟರೆ ರಕ್ಷಣೆ ಸರಿಯಾಗಿ ಬರುವುದಿಲ್ಲ, ಚುಚ್ಚಿದ ಜಾಗದಲ್ಲಿ ಬಾವು ಆಗುವ ಸಾಧ್ಯತೆಯೂ ಜಾಸ್ತಿ.

"ಪೋಲಿಯೊ ಹನಿಯನ್ನು ದೊಡ್ಡ ಸ್ಟೋರ್‌ನಲ್ಲಿ ಮೈನಸ್ 20ರಲ್ಲಿ ಇಡ್ತಾರಲ್ಲ ಮೇಡಂ?" ಹೌದು, ಇಡುತ್ತಾರೆ. ಬಾಯಿಗೆ ಹಾಕುವ ಆ ಹನಿಗೆ ಬಿಸಿಯೇ ದೊಡ್ಡ ಶತ್ರು. ಅದರಲ್ಲಿ ಈ ಅಲ್ಯೂಮಿನಿಯಂ ಕಣ ಇಲ್ಲ. ದಡಾರದ ಒಣ ಪುಡಿಯೂ ಹೆಪ್ಪುಗಟ್ಟುವ ಚಳಿಯನ್ನು ತಡೆದುಕೊಳ್ಳುತ್ತದೆ, ಅದನ್ನು ಕಲಸುವ ದ್ರವ, ಡೈಲ್ಯುಯೆಂಟ್, ಮಾತ್ರ ತಡೆಯುವುದಿಲ್ಲ, ಗಾಜು ಬಿರುಕು ಬಿಡುತ್ತದೆ. ಒಂದು ಲಸಿಕೆಯ ನಿಯಮವನ್ನು ಎಲ್ಲಕ್ಕೂ ಹಚ್ಚಿದ್ದರಿಂದಲೇ ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಅಂತ ನನ್ನ ಅನುಮಾನ.

ಈಗ ವಿವಿಎಂ ವಿಷಯ. ಅದು ಬಿಸಿಯ ಲೆಕ್ಕ ಇಡುವ ಗುರುತು, ಚಳಿಯದ್ದಲ್ಲ. ಶಾಖ ತಾಗಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಹೊರಗಿನ ವೃತ್ತದಷ್ಟೇ ಗಾಢವಾದರೆ ಅಥವಾ ಅದಕ್ಕಿಂತ ಗಾಢವಾದರೆ ಬಳಸಬಾರದು. ವೈಲನ್ನು ಇಡೀ ರಾತ್ರಿ ಫ್ರೀಜರ್‌ನಲ್ಲಿಟ್ಟು ಕಲ್ಲಿನಂತೆ ಗಟ್ಟಿ ಮಾಡಿ ತೆಗೆದರೂ ಆ ಚೌಕ ಬೆಳ್ಳಗೇ ನಿಮ್ಮನ್ನು ನೋಡುತ್ತದೆ. ಹೆಪ್ಪುಗಟ್ಟಿ ಹಾಳಾದ ವೈಲ್‌ನ ವಿವಿಎಂ ಸಾಮಾನ್ಯವಾಗಿ ಬಹಳ ಚೆನ್ನಾಗಿಯೇ ಇರುತ್ತದೆ! "ವಿವಿಎಂ ಸರಿ ಇದೆ" ಅನ್ನೋದು ಅರ್ಧ ಉತ್ತರ ಮಾತ್ರ.

"ನೀರಾಗೇ ಇದೆಯಲ್ಲ" ಅನ್ನುವ ವಾದವೂ ನಿಲ್ಲುವುದಿಲ್ಲ. ರಾತ್ರಿ ಗಟ್ಟಿಯಾಗಿ ಬೆಳಗ್ಗೆ ಕರಗಿರಬಹುದು. ಇನ್ನೊಂದು ಕಡೆ, ಸೊನ್ನೆಗಿಂತ ಕೆಳಗೆ ಹೋದರೂ ಕೆಲವೊಮ್ಮೆ ದ್ರವ ಗಟ್ಟಿಯಾಗದೆ ಹಾಗೇ ಉಳಿಯುತ್ತದೆ. ಅಂದರೆ ಅಲಾರಂ ಬಂತು ಅಂದ ಮಾತ್ರಕ್ಕೆ ಎಲ್ಲ ಹಾಳಾಯಿತು ಅಂತಲೂ ಅಲ್ಲ. ಬಿಸಾಡಬೇಡಿ ಅಂದಿದ್ದು ಅದಕ್ಕೇ.

ಸರಿ, ಇದು ಆಗುವುದು ಹೇಗೆ? ತರಗತಿಗೆ ಅಂತ ಕಟ್ಟಿದ ಒಂದು ಉದಾಹರಣೆ ತಗೊಳ್ಳೋಣ, ನಿಜ ಜೀವನದಲ್ಲೂ ಹೆಚ್ಚುಕಮ್ಮಿ ಹೀಗೇ ಆಗುತ್ತದೆ. ಮಧ್ಯಾಹ್ನ ಕರೆಂಟ್ ಹೋಗಿ ಬಂದಿದೆ. ಸಂಜೆ 4ಕ್ಕೆ ನೋಡಿದರೆ ಫ್ರಿಜ್ +9. ಡ್ಯೂಟಿಯಲ್ಲಿದ್ದ ಸಿಸ್ಟರ್ ಗಾಬರಿಯಾಗಿ ಥರ್ಮೋಸ್ಟ್ಯಾಟ್ ಗುಂಡಿಯನ್ನು 3ರಿಂದ 6ಕ್ಕೆ ತಿರುಗಿಸಿ ಮನೆಗೆ ಹೋದರು. ಆ ಗುಂಡಿಯ ಮೇಲಿನ ಅಂಕಿ ಡಿಗ್ರಿ ಅಲ್ಲ, ಅಂಕಿ ದೊಡ್ಡದಾದಷ್ಟೂ ಚಳಿ ಜಾಸ್ತಿ. ಕರೆಂಟ್ ಬಂದ ಮೇಲೆ ಫ್ರಿಜ್ ತಾನಾಗಿಯೇ ಇಳಿಯುತ್ತಿತ್ತು. ಗುಂಡಿ ತಿರುಗಿಸಿದ್ದರಿಂದ, ಹೊರಗೂ ತಂಪಾದ ಆ ರಾತ್ರಿಯಲ್ಲಿ, ಅದು ಇಳಿದು ಇಳಿದು ಮೈನಸ್ 1.6ಕ್ಕೆ ಹೋಯಿತು. ಬೆಳಗಿನ ಜಾವ ಮತ್ತೆ ಕರೆಂಟ್ ಹೋಗಿ ನಿಧಾನಕ್ಕೆ ಏರಿತು. 9 ಗಂಟೆಗೆ ಬಂದವರು ನೋಡಿ +3 ಅಂತ ರಿಜಿಸ್ಟರ್‌ನಲ್ಲಿ ಬರೆದರು. ರಿಜಿಸ್ಟರ್ ನೋಡಿದರೆ ಫ್ರಿಜ್ ಆರೋಗ್ಯವಾಗಿದೆ!

ದಿನಕ್ಕೆ ಎರಡು ಸಲ ಬರೆಯುವ ರಿಜಿಸ್ಟರ್ ಆ ಎರಡು ಕ್ಷಣಗಳನ್ನು ಮಾತ್ರ ಹೇಳುತ್ತದೆ. ನಡುವಿನ ಕತೆ ಹೇಳುವುದು 30 ದಿನಗಳ ದಾಖಲೆ ಇಡುವ ಲಾಗರ್. ಇದರ ಕೆಳಗಿನ ಅಲಾರಂ ಸಾಮಾನ್ಯವಾಗಿ ಮೈನಸ್ 0.5ರಲ್ಲಿ 60 ನಿಮಿಷ ಇದ್ದರೆ ಕೂಗುವ ಹಾಗೆ ಇರುತ್ತದೆ, ಮೇಲಿನದ್ದು +8 ದಾಟಿ 10 ಗಂಟೆ ಇದ್ದರೆ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಬಿಸಿಗೆ 10 ಗಂಟೆ, ಚಳಿಗೆ 1 ಗಂಟೆ. ಯಾವುದಕ್ಕೆ ಹೆಚ್ಚು ಹೆದರಬೇಕು ಅಂತ ಇನ್ನೂ ನಾನು ಹೇಳಬೇಕಾ? ಲಾಗರ್‌ನಲ್ಲಿ ಈಗಿನ ತಾಪ ಓದಿ ಸುಮ್ನೆ ಬರಬೇಡಿ, ಕಳೆದ ರಾತ್ರಿಯ ಕನಿಷ್ಠ ಎಷ್ಟು, ಎಷ್ಟು ಹೊತ್ತು ಅಂತ ಗುಂಡಿ ಒತ್ತಿ ನೋಡಿ.

ನಮ್ಮ ಉದಾಹರಣೆಯ ಫ್ರಿಜ್‌ನಲ್ಲಿ 10 ಡೋಸ್‌ನ ಪೆಂಟಾವೇಲೆಂಟ್ ಎರಡು ಬ್ಯಾಚ್ ಇವೆ. ಒಂದು ಬ್ಯಾಚಿನ 12 ವೈಲ್ ಬುಟ್ಟಿಯ ತಳದಲ್ಲಿ ಗೋಡೆಗೆ ತಾಗಿದ ಹಾಗಿವೆ. ಇನ್ನೊಂದರ 15 ವೈಲ್ ಮೇಲಿವೆ. ಮೇಲಿಂದ ತೆರೆಯುವ ಐಎಲ್‌ಆರ್ ಫ್ರಿಜ್‌ನಲ್ಲಿ ತಳವೇ ಹೆಚ್ಚು ತಣ್ಣಗಿನ ಜಾಗ, ಹೆಪ್ಪುಗಟ್ಟಿದರೆ ಹಾಳಾಗುವ ಲಸಿಕೆಯನ್ನು ಅಲ್ಲಿ ಇಡಲೇಬಾರದಿತ್ತು. ಎರಡನ್ನೂ ಚೀಲಕ್ಕೆ ಹಾಕಿ "ಬಳಸಬೇಡಿ" ಅಂತ ಬರೆದು +2ರಿಂದ +8ರಲ್ಲೇ ಇಡಿ, ಮೇಲಿನವರಿಗೆ ತಿಳಿಸಿ. ಗಟ್ಟಿಯಾಗಿರುವ ವೈಲ್ ಕಣ್ಣಿಗೇ ಕಂಡರೆ ಪರೀಕ್ಷೆ ಬೇಡ, ಅದು ಹೋಯಿತು. ಕಾಣದಿದ್ದರೆ ಶೇಕ್ ಟೆಸ್ಟ್.

ಇದಕ್ಕೆ ಹೋಲಿಸಿ ನೋಡಲು ಒಂದು ಕಂಟ್ರೋಲ್ ವೈಲ್ ಬೇಕು, ಅದು ಅದೇ ಲಸಿಕೆ, ಅದೇ ಕಂಪನಿ, ಅದೇ ಬ್ಯಾಚಿನದ್ದೇ ಆಗಿರಬೇಕು. ಬೇರೆ ಬ್ಯಾಚ್ ಆದರೆ ಕೆಳಗೆ ಕೂರುವ ವೇಗವೇ ಬೇರೆ ಇರಬಹುದು. ಅದರ ಮೇಲೆ "ಹೆಪ್ಪುಗಟ್ಟಿಸಿದ್ದು" ಅಂತ ಬರೆದು ಇಡೀ ರಾತ್ರಿ ಫ್ರೀಜರ್‌ನಲ್ಲಿಡಿ, ಪೂರ್ತಿ ಗಟ್ಟಿಯಾಗಬೇಕು. ಬೆಳಗ್ಗೆ ತೆಗೆದು ತಾನಾಗಿ ಕರಗಲು ಬಿಡಿ. ಬಿಸಿನೀರಿನಲ್ಲಿ ಅದ್ದುವ ಅವಸರ ಬೇಡ. ಆಮೇಲೆ ಅನುಮಾನದ ವೈಲ್ ಒಂದನ್ನು, ಅತಿ ತಣ್ಣಗಿನ ಜಾಗದಲ್ಲಿದ್ದದ್ದನ್ನೇ ಆರಿಸಿ, ಎರಡನ್ನೂ ಒಂದೇ ಕೈಯಲ್ಲಿ ಹಿಡಿದು 10–15 ಸೆಕೆಂಡ್ ಅಲ್ಲಾಡಿಸಿ ಮೇಜಿನ ಮೇಲೆ ಇಡಿ. ಮುಟ್ಟಬೇಡಿ. ಬೆಳಕಿಗೆ ಎದುರಾಗಿ 30 ನಿಮಿಷದವರೆಗೂ ನೋಡಿ. ಲೇಬಲ್ ಅಡ್ಡ ಬಂದರೆ ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿ ಕತ್ತಿನ ಕಡೆ ನೋಡಿದರೂ ಆಯಿತು.

ಕಂಟ್ರೋಲ್ ವೈಲ್‌ನಲ್ಲಿ ಚೂರುಗಳು ಬೇಗ ಬೇಗ ಕೆಳಗಿಳಿದು ಮೇಲೆ ತಿಳಿನೀರು ಕಾಣುತ್ತದೆ. ಅನುಮಾನದ ವೈಲ್ ಅದೇ ವೇಗದಲ್ಲಿ ಅಥವಾ ಅದಕ್ಕಿಂತ ಬೇಗ ಇಳಿದರೆ ಅದೂ ಹೆಪ್ಪುಗಟ್ಟಿದ್ದು. ಅದಿನ್ನೂ ಮಸುಕಾಗಿಯೇ ಉಳಿದು ನಿಧಾನಕ್ಕೆ ಇಳಿಯುತ್ತಿದ್ದರೆ ಬಳಸಬಹುದು. ಎಷ್ಟು ಇಳಿಯಿತು ಅನ್ನೋದಕ್ಕಿಂತ ಯಾವುದು ಮೊದಲು ಇಳಿಯಿತು ಅನ್ನೋದನ್ನು ನೋಡಿ, ಏಕೆಂದರೆ ಒಳ್ಳೆಯ ವೈಲ್ ಕೂಡ ಬಹಳ ಹೊತ್ತು ಬಿಟ್ಟರೆ ಕೆಳಗೆ ಕೂರುತ್ತದೆ. ಇನ್ನೊಂದು ಮಾತು, ಈ ಪರೀಕ್ಷೆ ಅಲ್ಯೂಮಿನಿಯಂ ಇರುವ ಲಸಿಕೆಗೆ ಮಾತ್ರ. ಚುಚ್ಚುವ ಪೋಲಿಯೊ ಲಸಿಕೆ ಐಪಿವಿ ತಿಳಿಯಾದ ದ್ರವ, ಅದಕ್ಕೂ ಚಳಿ ಆಗದು, ಆದರೆ ಅಲ್ಲಾಡಿಸಿದರೆ ಏನೂ ಗೊತ್ತಾಗುವುದಿಲ್ಲ.

ನಮ್ಮಲ್ಲಿ ತಳದ ಬ್ಯಾಚ್ ಫೇಲ್, ಮೇಲಿನದು ಪಾಸ್. 12 ವೈಲ್ ಹೋಯಿತು, ಮೇಲಿನ ಬ್ಯಾಚಿನ ಕಂಟ್ರೋಲ್ ಸೇರಿ 13. ಅಂದರೆ 130 ಡೋಸ್. ಉಳಿದದ್ದು 14 ವೈಲ್.

ಇಲ್ಲಿಗೆ ಪ್ರಶ್ನೆಯ ಉತ್ತರ ಮುಗಿಯಿತು, ಆದರೆ ಪೋಲಾದ ಡೋಸ್ ಲೆಕ್ಕಕ್ಕೆ ಬಂದಿದ್ದೇವಲ್ಲ, ಯಾರೂ ಕೇಳದ ಒಂದು ವಿಷಯ ಹೇಳಿಯೇ ಬಿಡುತ್ತೇನೆ. ಆ 14 ವೈಲ್‌ನಿಂದ ತಿಂಗಳಲ್ಲಿ 126 ಮಕ್ಕಳಿಗೆ ಕೊಟ್ಟಿರಿ ಅಂದುಕೊಳ್ಳಿ. ಒಟ್ಟು 270 ಡೋಸ್ ಖರ್ಚು, 126 ಬಳಕೆ, ಪೋಲು 144. ಶೇಕಡಾ 53. ಈ ಅಂಕಿ ನೋಡಿ ಮೀಟಿಂಗಿನಲ್ಲಿ ಯಾರೋ "ವೈಲ್ ಹುಷಾರಾಗಿ ತೆರೆಯಿರಿ" ಅಂತಾರೆ. ತಪ್ಪು ಜಾಗಕ್ಕೆ ಔಷಧಿ! ತೆರೆದ ವೈಲ್‌ನಲ್ಲಿ ಪೋಲಾಗಿದ್ದು 140ರಲ್ಲಿ ಬರೀ 14, ಶೇಕಡಾ 10. ಉಳಿದ 130 ಮುಚ್ಚಳ ತೆಗೆಯುವ ಮೊದಲೇ ಹೋದದ್ದು, ಒಂದು ಗುಂಡಿ ತಿರುಗಿಸಿದ್ದರಿಂದ. ಅದಕ್ಕೇ ತೆರೆದದ್ದು, ತೆರೆಯದ್ದು ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ ಅಂತ ಗಂಟಲು ಹರಿದುಕೊಳ್ಳುವುದು.

ಆ ಎಚ್ಚರಿಕೆ ಕೇಳಿದ ಹುಡುಗಿ ಮಾರನೆಯ ದಿನ ಏನು ಮಾಡುತ್ತಾಳೆ ಗೊತ್ತಾ? ದಡಾರದ ಲಸಿಕೆಗೆ ಒಂದೇ ಮಗು ಬಂದಿದೆ, 10 ಡೋಸ್‌ನ ವೈಲ್ ತೆರೆದರೆ 9 ಪೋಲು ಅಂತ ತಾಯಿಯನ್ನು ವಾಪಸ್ ಕಳಿಸುತ್ತಾಳೆ. ಹಾಗೆ ಮಾಡಬೇಡಿ, ತೆರೆಯಿರಿ. ದಡಾರದ ಲಸಿಕೆ ಕಲಸಿದ ಮೇಲೆ 4 ಗಂಟೆ ಅಥವಾ ಸೆಷನ್ ಮುಗಿಯುವವರೆಗೆ, ಯಾವುದು ಮೊದಲೋ ಅಷ್ಟೇ ಇಡಬಹುದು. ಹಾಗಾಗಿ ಉಳಿದದ್ದು ಪೋಲಾಗುತ್ತದೆ, ಆಗಲಿ, ಅದು ಲೆಕ್ಕದಲ್ಲಿ ಮೊದಲೇ ಇರುವ ಪೋಲು. ಪೆಂಟಾವೇಲೆಂಟ್‌ಗೆ ಆ ಚಿಂತೆಯೂ ಇಲ್ಲ. ತೆರೆದ ದಿನಾಂಕ ವೈಲ್ ಮೇಲೆ ಬರೆದು, ಸೂಜಿ ಚುಚ್ಚುವ ರಬ್ಬರ್ ಮುಚ್ಚಳ ನೀರಲ್ಲಿ ಮುಳುಗದ ಹಾಗೆ ನೋಡಿಕೊಂಡು, +2ರಿಂದ +8ರಲ್ಲಿಟ್ಟರೆ 28 ದಿನದವರೆಗೆ ಬಳಸಬಹುದು. ವಿವಿಎಂ ಮತ್ತು ಎಕ್ಸ್‌ಪೈರಿ ಸರಿ ಇರಬೇಕು. ಹೆಪ್ಪುಗಟ್ಟಿರಲೂ ಬಾರದು.