ಎರಡು ಪರ್ಸೆಂಟ್ ಬಿಟ್ಟರೆ ಮೂರು ರೂಪಾಯಿ ಬಡ್ಡಿ

ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದರೆ ನಮ್ಮ ಕಡೆ ತೀರಾ ಕಷ್ಟದಲ್ಲಿದ್ದವರು ಮಾತ್ರ ಸಾಲಕ್ಕೆ ಒಪ್ಪುತ್ತಾರೆ. ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ವರ್ಷಗಟ್ಟಲೆ ಇಷ್ಟೇ ಬಡ್ಡಿ ಕಟ್ಟುತ್ತಿದ್ದ. ಕಟ್ಟುತ್ತಿದ್ದೇನೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಅವನು ಮಾಲು ಕೊಂಡ ಒಂದು ಬಿಲ್ ನೋಡೋಣ. ಪೈಪು, ಫಿಟ್ಟಿಂಗ್ ಎಲ್ಲ ಸೇರಿ ಲಿಸ್ಟ್ ದರದಲ್ಲಿ 1,00,000 ರೂಪಾಯಿ ಮಾಲು. 20% ಟ್ರೇಡ್ ಡಿಸ್ಕೌಂಟ್ ಕಳೆದು 80,000. ಲೆಕ್ಕ ಸುಲಭವಾಗಲಿ ಅಂತ ಜಿಎಸ್‌ಟಿ ಬದಿಗಿಟ್ಟಿದ್ದೇನೆ. ಬಿಲ್ಲಿನ ಕೊನೆಗೆ ಇನ್ನೊಂದು ಸಾಲು: 10 ದಿನದೊಳಗೆ ಹಣ ಕೊಟ್ಟರೆ 2% ಸಿ.ಡಿ., ಇಲ್ಲದಿದ್ದರೆ 30 ದಿನಕ್ಕೆ ಪೂರ್ತಿ ಹಣ.

ಎರಡಕ್ಕೂ ಡಿಸ್ಕೌಂಟ್ ಅಂತಲೇ ಹೆಸರಿರುವುದರಿಂದ ಗೊಂದಲ ಹುಟ್ಟುತ್ತದೆ. ಟ್ರೇಡ್ ಡಿಸ್ಕೌಂಟ್ ಅಂಗಡಿಯವನಿಗೆ ಸಿಗುವ ದರ, ಅಷ್ಟೆ. ಹಣ ಯಾವಾಗ ಕೊಟ್ಟರೂ ಅದು ಸಿಕ್ಕೇ ಸಿಗುತ್ತದೆ. ಪುಸ್ತಕದಲ್ಲಿ ಖರೀದಿ ಅಂತ ಬರೆಯುವುದೂ 80,000 ಮಾತ್ರ. ಸಿ.ಡಿ., ಅಂದರೆ ಕ್ಯಾಶ್ ಡಿಸ್ಕೌಂಟ್, ಬೇಗ ಕೊಟ್ಟ ದಿನಗಳಿಗೆ ಸಿಗುವ ಬೆಲೆ. ಹಣ ಬೇಗ ಕೊಟ್ಟಾಗ ಮಾತ್ರ ಅದು ಹುಟ್ಟುತ್ತದೆ, ಪುಸ್ತಕದಲ್ಲಿ ಬೇರೆಯೇ ಸಾಲಿನಲ್ಲಿ ಕೂರುತ್ತದೆ.

80,000ಕ್ಕೆ 2% ಅಂದರೆ 1,600. "ಇಪ್ಪತ್ತು ಪರ್ಸೆಂಟ್ ಆಗಲೇ ಸಿಕ್ಕಿದೆ, ಈ ಎರಡು ಯಾವ ಲೆಕ್ಕ ಮಾರಾಯ?" ಅನ್ನುತ್ತಿದ್ದ ಅವನು. ಆದರೆ 10ನೇ ದಿನ ಆ ಮಾಲಿನ ನಿಜವಾದ ಬೆಲೆ 78,400. ಅದನ್ನು ಅಂದು ಕೊಡದೆ 30ನೇ ದಿನ 80,000 ಕೊಟ್ಟರೆ ಏನಾಯಿತು? ಮಾಲು ಕೊಟ್ಟವನಿಂದ 78,400 ಸಾಲ ಪಡೆದು, 20 ದಿನ ಇಟ್ಟುಕೊಂಡು, 1,600 ಬಡ್ಡಿ ಕೊಟ್ಟಂತಾಯಿತು. ಸಾಲ 30 ದಿನದ್ದಲ್ಲ, ಗಮನಿಸಿ. ಮೊದಲ 10 ದಿನ ಹೇಗಿದ್ದರೂ ಪುಕ್ಕಟೆ.

20 ದಿನಕ್ಕೆ ನೂರಕ್ಕೆ 2.04 ರೂಪಾಯಿ. ತಿಂಗಳಿಗೆ ಮೂರು ರೂಪಾಯಿಗೂ ಚೂರು ಜಾಸ್ತಿ. ವರ್ಷದಲ್ಲಿ ಇಂಥ 20 ದಿನ 18.25 ಸಲ ಬರುತ್ತವೆ, ಹಾಗಾಗಿ ವರ್ಷಕ್ಕೆ 37.2%. ಚಕ್ರಬಡ್ಡಿ ಹಾಕಿದರೆ 44.6%.

ಅವನಿಗೆ ಬ್ಯಾಂಕಿನಲ್ಲಿ 12%ಗೆ ಓ.ಡಿ., ಅಂದರೆ ಬೇಕಾದಾಗ ಹಣ ತೆಗೆಯಬಹುದಾದ ಓವರ್‌ಡ್ರಾಫ್ಟ್ ಸಾಲ, ಇತ್ತು. ಅದರಿಂದಲೇ 78,400 ತೆಗೆದು 10ನೇ ದಿನ ಕಟ್ಟಿದ್ದರೆ 20 ದಿನದ ಬಡ್ಡಿ ಸುಮಾರು 516 ರೂಪಾಯಿ. ಒಂದೇ ಬಿಲ್ಲಿನಲ್ಲಿ 1,084 ಉಳಿಯುತ್ತಿತ್ತು. ಬ್ಯಾಂಕ್ ಸಾಲ ಮುಟ್ಟಬಾರದು ಅಂತ ಹಟ ಹಿಡಿದು, ಅದರ ಮೂರು ಪಟ್ಟು ಬಡ್ಡಿಯ ಸಾಲವನ್ನು ತಾನಾಗಿ ತೆಗೆದುಕೊಂಡಿದ್ದ.

ಇನ್ನೂ ಒಂದು ತಪ್ಪು ನಡೆಯುತ್ತಿತ್ತು. ಕೆಲವು ಸಲ ಅವನು 14 ಅಥವಾ 15ನೇ ದಿನ ಹಣ ಕಳಿಸುತ್ತಿದ್ದ. ಸಿ.ಡಿ. ತಪ್ಪಿದ ಮೇಲೆ ಬೇಗ ಕೊಟ್ಟು ಪ್ರಯೋಜನವಿಲ್ಲ. 15ನೇ ದಿನ ಕೊಟ್ಟರೆ ಅದೇ 1,600ಕ್ಕೆ 20 ದಿನದ ಬದಲು 5 ದಿನ ಸಿಕ್ಕಂತಾಯಿತು, ವರ್ಷದ ಲೆಕ್ಕದಲ್ಲಿ 149%. ಈಗ ಅವನ ಕ್ಯಾಲೆಂಡರಿನಲ್ಲಿ ಪ್ರತಿ ಬಿಲ್ಲಿಗೂ ಎರಡೇ ಗುರುತು: 10 ಮತ್ತು 30.