ಮಾಲೀಕನ ಸಂಬಳ, ಮನೆ ಖರ್ಚು, ಡ್ರಾಯಿಂಗ್ಸ್: ತೀರ್ಥಹಳ್ಳಿಯ ಒಂದು ಅಂಗಡಿ ಲೆಕ್ಕ ಇಟ್ಕೊಂಡು

ಅಕೌಂಟ್ಸ್ ಓದುವಾಗ ಪ್ರೊಪ್ರೈಟರ್‌ಶಿಪ್ ಚಾಪ್ಟರಲ್ಲಿ ನಮ್ಮ ಗ್ರೂಪಲ್ಲಿ ಜಾಸ್ತಿ ಜನ ಎಡವಿದ್ದು ಮಾಲೀಕ ತನಗಂತ ತಗೊಂಡಿದ್ದನ್ನ ಅಂಗಡಿ ಖರ್ಚಿಗೆ ಹಾಕೋದ್ರಲ್ಲೇ, ಹಾಗಾಗಿ ಒಂದೇ ಉದಾಹರಣೆನ ಪೂರ್ತಿ ಬಿಡಿಸಿ ಬರೀತಿದೀನಿ. ಲೆಕ್ಕ ನೋಡೋಕೆ ಅಂಗಡಿ ಬೇರೆ, ಮಾಲೀಕ ಬೇರೆ. ಆದ್ರೆ ಕಾನೂನು ಪ್ರಕಾರ ಇಬ್ರೂ ಒಬ್ರೇ, ಪ್ಯಾನ್ ಕೂಡ ಒಂದೇ. ತನಗೆ ತಾನೇ ಸಂಬಳ ಕೊಡೋಕೆ ಆಗಲ್ವಲ್ಲ, ಅದಕ್ಕೇ ಮಾಲೀಕ ತಿಂಗಳಿಗೊಂದ್ಸಲ "ಸಂಬಳ" ಅಂತ ಎತ್ತಿದ ದುಡ್ಡು ಖರ್ಚಲ್ಲ, ಡ್ರಾಯಿಂಗ್ಸ್, ಅಂದ್ರೆ ಮಾಲೀಕ ಸ್ವಂತಕ್ಕೆ ಅಂತ ಅಂಗಡಿಯಿಂದ ತೆಗೆದ ದುಡ್ಡು ಅಥವಾ ಮಾಲು. ಪಾರ್ಟ್‌ನರ್‌ಶಿಪ್‌ನಲ್ಲಿ ಪಾಲುದಾರನ ಸಂಬಳಕ್ಕೆ ಒಂದು ಮಿತಿವರೆಗೆ ಟ್ಯಾಕ್ಸಲ್ಲಿ ಅವಕಾಶ ಇದೆ, ಅದನ್ನ ತಂದು ಇಲ್ಲಿ ಹಾಕಬೇಡಿ.

ಈಗ ಲೆಕ್ಕ. ತೀರ್ಥಹಳ್ಳಿ ಕಡೆ ಒಂದು ಗೊಬ್ಬರ-ಔಷಧಿ ಅಂಗಡಿ ಅಂದ್ಕೊಳ್ಳಿ, ಕೆಳಗೆ ಅಂಗಡಿ ಮೇಲೆ ಮನೆ, ಮಾಲೀಕರಿಗೆ ಸ್ವಂತ ಅಡಿಕೆ ತೋಟನೂ ಇದೆ. ಜೂನ್ ತಿಂಗಳಲ್ಲಿ ಪುಸ್ತಕದ ಪ್ರಕಾರ ಗ್ರಾಸ್ ಪ್ರಾಫಿಟ್ 80,000. ಅಂಗಡಿ ಖಾತೆಯಿಂದ ಹೋಗಿದ್ದು: ಅಂಗಡಿ ಭಾಗದ ಬಾಡಿಗೆ 10,000, ಹುಡುಗನ ಸಂಬಳ 14,000, ಮಾಲೀಕರ "ಸಂಬಳ" 25,000, ಮಗಳ ಸ್ಕೂಲ್ ಫೀಸು 12,000, ತೋಟಕ್ಕೆ ಔಷಧಿ ಹೊಡೆದವರ ಕೂಲಿ 6,000, ಕರೆಂಟ್ ಬಿಲ್ 3,000. ಎಲ್ಲನೂ ಖರ್ಚಿಗೆ ಹಾಕಿದ್ರೆ ಲಾಭ ಬರೀ 10,000 ಉಳಿಯುತ್ತೆ.

ಇದ್ರಲ್ಲಿ ಕಾಣದೇ ಇರೋದು ಇನ್ನೊಂದಿದೆ. ಮಳೆ ಶುರುವಾಗೋ ಹೊತ್ತಿಗೆ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಅಂತ ಮಾಲೀಕರು ಅಂಗಡಿ ಸ್ಟಾಕಿಂದಲೇ ಮೈಲುತುತ್ತ ತೋಟಕ್ಕೆ ತಗೊಂಡು ಹೋದ್ರು, ಕೊಂಡ ಬೆಲೆ 4,000, ಎಲ್ಲೂ ಬರ್ದಿಲ್ಲ. ತಿಂಗಳ ಕೊನೆಗೆ ಸ್ಟಾಕ್ ಎಣಿಸಿದಾಗ ಅದು ಇರಲ್ಲ, ಹಂಗಾಗಿ ಮಾರಿದ ಮಾಲಿನ ವೆಚ್ಚ 4,000 ಜಾಸ್ತಿ ಆಗಿ ಗ್ರಾಸ್ ಪ್ರಾಫಿಟ್ ಅಷ್ಟೇ ಕಮ್ಮಿ ಕಾಣ್ಸುತ್ತೆ. ನಿಜವಾದ ಗ್ರಾಸ್ ಪ್ರಾಫಿಟ್ 84,000. ಎಂಟ್ರಿ ಹೀಗೆ: ಡ್ರಾಯಿಂಗ್ಸ್ ಖಾತೆ ಡೆಬಿಟ್ 4,000, ಪರ್ಚೇಸ್ ಖಾತೆ ಕ್ರೆಡಿಟ್ 4,000. ಸೇಲ್ಸ್‌ಗೆ ಕ್ರೆಡಿಟ್ ಮಾಡಬೇಡಿ, ಮಾರಿದ್ದಲ್ಲ ಅದು, ಬೆಲೆನೂ ಕೊಂಡ ಬೆಲೆನೇ. ಆ ಮಾಲಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ರೆ ಅದನ್ನೂ ರಿವರ್ಸ್ ಮಾಡಿ ಡ್ರಾಯಿಂಗ್ಸ್‌ಗೆ ಸೇರಿಸ್ಬೇಕು (ಇಲ್ಲಿ ಲೆಕ್ಕ ಸುಲಭ ಆಗ್ಲಿ ಅಂತ ಬಿಟ್ಟಿದೀನಿ).

ಕರೆಂಟ್ ಬಿಲ್ ಒಂದೇ ಮೀಟರ್ದು. ಅಂಗಡೀಲಿ ಎರಡು ಲೈಟು ಒಂದು ಫ್ಯಾನು, ಮನೇಲಿ ಫ್ರಿಜ್ಜು, ಮಿಕ್ಸಿ, ಪಂಪು ಎಲ್ಲ ಇದೆ, ಅದಕ್ಕೆ ಅಂಗಡಿಗೆ 1,000 ಮನೆಗೆ 2,000 ಅಂತ ಹಂಚಿದ್ವಿ. ಯಾವ ಆಧಾರದ ಮೇಲೆ ಹಂಚಿದ್ರಿ ಅಂತ ಒಂದು ಸಾಲು ಬರ್ದಿಟ್ಟು ವರ್ಷ ಪೂರ್ತಿ ಅದನ್ನೇ ಪಾಲಿಸಿ, ತಿಂಗಳಿಗೊಂದು ಪಾಲು ಹಾಕಿದ್ರೆ ಕೇಳಿದವರಿಗೆ ಉತ್ತರ ಕೊಡೋದು ಕಷ್ಟ.

ಸರಿಯಾದ ಲಾಭ: 84,000ರಲ್ಲಿ ಬಾಡಿಗೆ, ಹುಡುಗನ ಸಂಬಳ, ಕರೆಂಟ್ 1,000 ಕಳೆದ್ರೆ 59,000. ಡ್ರಾಯಿಂಗ್ಸ್: 25,000 + 12,000 + 6,000 + 2,000 + 4,000 = 49,000.

ಈಗ ಗಮನಿಸಿ, 59,000ರಲ್ಲಿ 49,000 ಹೋದ್ರೆ ಕ್ಯಾಪಿಟಲ್‌ಗೆ ಸೇರೋದು 10,000, ತಪ್ಪು ಲೆಕ್ಕದಲ್ಲೂ ಸೇರಿದ್ದು ಅದೇ 10,000! ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಟ್ಯಾಲಿ ಆಗುತ್ತೆ, ಟ್ರಯಲ್ ಬ್ಯಾಲೆನ್ಸೂ ಏನೂ ಹೇಳಲ್ಲ, ಆದ್ರೆ ಲಾಭ 49,000 ಕಮ್ಮಿ ತೋರಿಸಿದಂಗಾಯ್ತು, ಅಂದ್ರೆ ಟ್ಯಾಕ್ಸ್ ತಪ್ಪಾಗುತ್ತೆ, ಬ್ಯಾಂಕಲ್ಲಿ ಲೋನ್ ಕೇಳೋಕೆ ಹೋದ್ರೆ ಅಂಗಡಿಗೆ ದುಡಿಮೇನೇ ಇಲ್ಲ ಅನ್ನೋ ಹಾಗೆ ಕಾಣುತ್ತೆ. ಹಾಗಾದ್ರೆ ಪತ್ತೆ ಹಚ್ಚೋದು ಹೆಂಗೆ? ನಾನಂತೂ ಮೊದಲು ಡ್ರಾಯಿಂಗ್ಸ್ ಲೆಡ್ಜರ್ ತೆಗೀತೀನಿ. ಮನೆ ನಡೆಯೋದೇ ಈ ಅಂಗಡಿಯಿಂದ ಅಂತಿದ್ದೂ ವರ್ಷಕ್ಕೆ ಡ್ರಾಯಿಂಗ್ಸ್ ಏನೂ ಇಲ್ಲ ಅಂದ್ರೆ ಮನೆ ಖರ್ಚು ಬೇರೆ ಎಲ್ಲೋ ಕೂತಿದೆ ಅಂತ ಅರ್ಥ. ಆಮೇಲೆ ಗ್ರಾಸ್ ಪ್ರಾಫಿಟ್ ಶೇಕಡಾವಾರು ನೋಡಿ, ಮಾರೋ ಬೆಲೆ ಬದಲಾಗದೆ ಮಳೆಗಾಲದಲ್ಲಿ ಮಾತ್ರ ಇಳಿದಿದ್ರೆ ಸ್ಟಾಕಿಂದ ತೋಟಕ್ಕೆ ಹೋಗಿದ್ಯಾ ಅಂತ ಕೇಳಿ.

ಟ್ಯಾಲಿಯಲ್ಲಿ `Drawings` ಲೆಡ್ಜರನ್ನ `Capital Account` ಗ್ರೂಪ್ ಕೆಳಗೆ ತೆಗೀಬೇಕು, `Indirect Expenses` ಕೆಳಗೆ ತೆಗೆದ್ರೆ ಹೆಸರು ಸರಿ ಇದ್ರೂ ಲಾಭದಿಂದಲೇ ಕಳೆದುಹೋಗುತ್ತೆ. ಮಾಲೀಕರ ಇನ್‌ಕಮ್ ಟ್ಯಾಕ್ಸ್ ಅಂಗಡಿ ಖಾತೆಯಿಂದ ಕಟ್ಟಿದ್ರೂ ಇದೇ ಲೆಡ್ಜರ್.

ಹಾಗಂತ ಮಾಲೀಕರ ದುಡಿಮೆಗೆ ಬೆಲೆ ಇಲ್ವಾ ಅಂತ ಕೇಳ್ತಾರೆ. ಇದೆ. ಅದೇ ಕೆಲಸಕ್ಕೆ ಮ್ಯಾನೇಜರ್ ಇಟ್ರೆ 25,000 ಕೊಡ್ಬೇಕು ಅಂದ್ರೆ 59,000ರಲ್ಲಿ ಅದನ್ನ ಕಳೆದು 34,000 ಅಂಗಡಿಯ ನಿಜವಾದ ಗಳಿಕೆ ಅಂತ ಬೇರೆ ಹಾಳೇಲಿ ನೋಡ್ಕೊಳ್ಳಿ, ಪುಸ್ತಕದೊಳಗೆ ಮಾತ್ರ ತರಬೇಡಿ.

ಉಲ್ಟಾ ದಿಕ್ಕೂ ಇದೆ, ನಮ್ಮ ಕಡೆ ಇದು ತುಂಬ ಆಗುತ್ತೆ. ಅಡಿಕೆ ಮಾರಿದ ದುಡ್ಡು ಮಂಡಿಯಿಂದ ಸೀದಾ ಅಂಗಡಿ ಖಾತೆಗೆ ಬಂದ್ರೆ ಅದನ್ನ ಸೇಲ್ಸ್‌ಗೆ ಹಾಕಬೇಡಿ, ಕ್ಯಾಪಿಟಲ್‌ಗೆ ಕ್ರೆಡಿಟ್ ಮಾಡಿ. ಸೇಲ್ಸ್ ಅಂತ ಬರೆದ್ರೆ ಕೃಷಿ ಆದಾಯ ವ್ಯಾಪಾರದ ಲಾಭದೊಳಗೆ ಸೇರ್ಕೊಂಡು ಟ್ಯಾಕ್ಸಿಗೆ ಬರುತ್ತೆ, ಜಿಎಸ್‌ಟಿ ರಿಟರ್ನ್‌ನ ಟರ್ನೋವರ್ ಜೊತೆನೂ ತಾಳೆ ಆಗಲ್ಲ. ಮಂಡಿಯವರು ಕೊಟ್ಟ ಪಟ್ಟಿನ ಆ ಎಂಟ್ರಿ ವೋಚರ್ ಜೊತೆನೇ ಲಗತ್ತಿಸಿಡಿ.